ಕಾಯಿನ್ ಬಂತು, ಅಕೌಂಟ್ ನಿಂತಿತು: ಎಲ್ಲಿ ತಡೆದಿದ್ದಾರೆ ಅಂತ ಹುಡುಕೋದು, ಯಾವ ಕಾಗದ ಕೊಡೋದು

ನಮ್ಮ ಕಾಕಾನ ಮಗ ವಿಜಯಪುರದಲ್ಲಿ ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುತ್ತಾನೆ. ದುಬೈನ ಒಬ್ಬ ಒಣದ್ರಾಕ್ಷಿ ವ್ಯಾಪಾರಿಗೆ ಸೈಟ್ ಮಾಡಿಕೊಟ್ಟ. ಕೂಲಿ 640 ಯುಎಸ್‌ಡಿಟಿ, ಅಂದರೆ ಬೆಲೆ ಅಮೆರಿಕದ ಡಾಲರಿಗೆ ಕಟ್ಟಿದ ಕ್ರಿಪ್ಟೋ ಕಾಯಿನ್, ಅಂತ ಮಾತಾಗಿತ್ತು. ಮೊದಲು 400 ಬಂತು, ಎಂಟು ದಿನ ಬಿಟ್ಟು 240 ಬಂತು. ಎರಡನ್ನೂ ನೇರವಾಗಿ, ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜಿನ ತನ್ನ ಅಡ್ರೆಸ್‌ಗೇ ಹಾಕಿಸಿಕೊಂಡಿದ್ದ. ಎರಡನೇದು ಬಂದ ಮರುದಿನ ಬೆಳಗಾವಿಯಲ್ಲಿದ್ದ ನನಗೆ ಫೋನ್ ಬಂತು: "ಅಣ್ಣಾ, ರೊಕ್ಕ ಕಾಣಸ್ತೈತಿ, ತಗಿಯಾಕ ಬರವಲ್ದು."

ನಾನು ಇಲ್ಲಿ ಟಿಳಕವಾಡಿಯಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಇಂಥ ಫೋನು ಈಗ ಹೊಸದೇನಲ್ಲ. ಆದರೆ ಎಲ್ಲರೂ ಮಾಡುವ ತಪ್ಪು ಒಂದೇ. ಯಾರು ತಡೆದಿದ್ದಾರೆ ಅಂತ ನೋಡದೆ, ಕೈಗೆ ಸಿಕ್ಕ ಕಾಗದವನ್ನೆಲ್ಲ ಕಳಿಸಿಬಿಡುತ್ತಾರೆ. ತಡೆಯುವವರು ಮೂವರು ಇರಬಹುದು: ಎಕ್ಸ್‌ಚೇಂಜ್, ಕಾಯಿನ್ ಹೊರಡಿಸಿದ ಕಂಪನಿ, ಇಲ್ಲಾ ಪೊಲೀಸರು. ಮೂರಕ್ಕೂ ದಾರಿ ಬೇರೆ. ಹಾಗಾಗಿ ಕಣ್ಣಿಗೆ ಕಾಣುವ ಲಕ್ಷಣದಿಂದಲೇ ಶುರು ಮಾಡೋಣ.

ಲಕ್ಷಣ: ಬ್ಯಾಲೆನ್ಸ್ ಕಾಣುತ್ತೆ, ವಿತ್‌ಡ್ರಾ ಮಾತ್ರ ಆಗಲ್ಲ

ಮೊದಲು ಖರ್ಚಿಲ್ಲದ ತಪಾಸಣೆ. ಇತ್ತೀಚೆಗೆ ಪಾಸ್‌ವರ್ಡ್, ಮೊಬೈಲ್ ನಂಬರ್ ಅಥವಾ ಬ್ಯಾಂಕ್ ಖಾತೆ ಬದಲಾಯಿಸಿದ್ದೀರಾ? ಬಹಳಷ್ಟು ಎಕ್ಸ್‌ಚೇಂಜುಗಳು ಅಂಥ ಬದಲಾವಣೆ ಆದಮೇಲೆ ಒಂದೆರಡು ದಿನ ವಿತ್‌ಡ್ರಾ ನಿಲ್ಲಿಸುತ್ತವೆ, ಆಮೇಲೆ ತಾನೇ ಬಿಡುತ್ತವೆ. ಕೆವೈಸಿ ಮತ್ತೆ ಮಾಡಿ ಅಂತ ನೋಟಿಸ್ ಬಂದಿದೆಯಾ ನೋಡಿ. ಆ ನೆಟ್‌ವರ್ಕಿನ ವಿತ್‌ಡ್ರಾ ಎಲ್ಲರಿಗೂ ನಿಂತಿದೆಯಾ ಅಂತಲೂ ನೋಡಿ. ಇದಕ್ಕೆ ಐದು ನಿಮಿಷ ಸಾಕು.

ಈಗ ಟ್ರೇಡ್ ಮಾಡಲು ಬರುತ್ತಾ ಅಂತ ಗಮನಿಸಿ. ಸುಮ್ನೆ ಆರ್ಡರ್ ಹಾಕಿ ಪರೀಕ್ಷೆ ಮಾಡಬೇಡಿ, ಬಟನ್ ಬೂದು ಬಣ್ಣಕ್ಕೆ ತಿರುಗಿದೆಯಾ ನೋಡಿದರೆ ಸಾಕು. ಟ್ರೇಡ್ ನಡೆಯುತ್ತೆ, ವಿತ್‌ಡ್ರಾ ಮಾತ್ರ ಇಲ್ಲ ಅಂದರೆ ವಿಚಾರಣೆ ಇನ್ನೂ ಹಗುರ ಹಂತದಲ್ಲಿದೆ ಅಂತ ಸಾಮಾನ್ಯವಾಗಿ ಅರ್ಥ. ಲಾಗಿನ್ ಆದಮೇಲೆ ಏನೂ ಮಾಡಲು ಬಿಡದಿದ್ದರೆ ವಿಷಯ ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ವಿಭಾಗಕ್ಕೆ ಹೋಗಿರಬಹುದು.

ಇಮೇಲ್ ನೋಡುವಾಗ ಸ್ಪ್ಯಾಮ್ ಫೋಲ್ಡರ್ ಬಿಡಬೇಡಿ. ನಮ್ಮ ಹುಡುಗನಿಗೆ ಮೊದಲ ಮೇಲ್ ಬಂದು ಬಿದ್ದಿದ್ದು ಅಲ್ಲೇ.

ಲಕ್ಷಣ: ಬಂದ ಕಾಯಿನ್ ಒಂದೇ `Pending` ಅಂತಿದೆ, ಯಾರು ಕಳಿಸಿದ್ದು ಅಂತ ಕೇಳುತ್ತಿದೆ

ಇದು ಫ್ರೀಜ್ ಅಲ್ಲ. ಕಳಿಸಿದವರು ಯಾರು, ಪಡೆದವರು ಯಾರು ಅನ್ನುವ ಮಾಹಿತಿ ಎಕ್ಸ್‌ಚೇಂಜ್ ಇಟ್ಟುಕೊಳ್ಳಬೇಕು. ಕ್ರಿಪ್ಟೋ ಎಕ್ಸ್‌ಚೇಂಜುಗಳು 2023ರ ಮಾರ್ಚ್ 7ರ ಅಧಿಸೂಚನೆಯಿಂದ ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ ಬಂದಿವೆ. ಬ್ಯಾಂಕಿನ ಹಾಗೆ ಅವೂ ಗ್ರಾಹಕರ ಗುರುತು ಪರಿಶೀಲಿಸಬೇಕು, ದಾಖಲೆ ಇಡಬೇಕು, ಅನುಮಾನ ಬಂದರೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯುಗೆ ವರದಿ ಕೊಡಬೇಕು.

ಫಾರ್ಮ್‌ನಲ್ಲಿ ಎರಡು ಆಯ್ಕೆ ಇರುತ್ತವೆ: ನನ್ನದೇ ವಾಲೆಟ್‌ನಿಂದ ಬಂತು, ಬೇರೆಯವರಿಂದ ಬಂತು. ಮೊದಲನೆಯದನ್ನು ಒತ್ತಿದರೆ ಪ್ರಶ್ನೆ ಕಡಿಮೆ, ಕಾಯಿನ್ ಬೇಗ ಬರುತ್ತೆ. ನಮ್ಮ ಹುಡುಗ 400 ಬಂದಾಗ ಅದನ್ನೇ ಒತ್ತಿದ್ದ. ಗಡಿಬಿಡಿ, ಅಷ್ಟೇ. ಆದರೆ ಹತ್ತು ದಿನ ಬಿಟ್ಟು "ಇದು ಗಿರಾಕಿ ಕೊಟ್ಟ ಕೂಲಿ" ಅಂತ ಇನ್ವಾಯ್ಸ್ ಕೊಟ್ಟಾಗ, ಮೊದಲು ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗಲಿಲ್ಲ. 240ರ ಕಾಯಿನ್‌ಗಿಂತ ಈ ಸುಳ್ಳು ಟಿಕ್ಕಿಗೇ ಜಾಸ್ತಿ ಪ್ರಶ್ನೆ ಬಂದವು.

ನೀವೂ ಹಾಗೆ ಒತ್ತಿದ್ದರೆ ಮುಚ್ಚಿಡಬೇಡಿ. "ಫಾರ್ಮ್ ತುಂಬುವಾಗ ತಪ್ಪಾಗಿದೆ, ಆ ಅಡ್ರೆಸ್ ನನ್ನದಲ್ಲ, ಗಿರಾಕಿಯದು" ಅಂತ ಮೊದಲ ಉತ್ತರದಲ್ಲೇ ಬರೆಯಿರಿ. ಅವರೇ ಕಂಡುಹಿಡಿದ ಮೇಲೆ ಹೇಳಿದರೆ ಅದಕ್ಕೆ ಬೆಲೆ ಇಲ್ಲ.

ಲಕ್ಷಣ: ಅಕೌಂಟ್ ಪೂರ್ತಿ ನಿಂತಿದೆ, ಹಣದ ಮೂಲ ತೋರಿಸಿ ಅಂತ ಮೇಲ್ ಬಂದಿದೆ

ಈಗ ಕಾಯಿನ್ ಎಲ್ಲಿಂದ ಬಂತು ಅಂತ ನೀವೇ ನೋಡಬೇಕು. ದುಡ್ಡು ಬೇಡ, ಲಾಗಿನ್ ಬೇಡ. ಎಕ್ಸ್‌ಚೇಂಜಿನ ಡಿಪಾಸಿಟ್ ಪಟ್ಟಿಯಲ್ಲಿ ಆ ವ್ಯವಹಾರ ಒತ್ತಿದರೆ `TxID` ಸಿಗುತ್ತೆ, 64 ಅಕ್ಷರ-ಅಂಕಿಗಳ ಉದ್ದನೆ ಸಾಲು. ಟ್ರಾನ್ ನೆಟ್‌ವರ್ಕಿನ ಟಿಆರ್‌ಸಿ-20 ಯುಎಸ್‌ಡಿಟಿ ಆದರೆ ಅದನ್ನು tronscan.org ಹುಡುಕುವ ಜಾಗದಲ್ಲಿ ಹಾಕಿ. ಇಥೀರಿಯಂ ಮೇಲಿನದಾದರೆ ಸಾಲಿನ ಮೊದಲಿಗೆ `0x` ಇರುತ್ತೆ, ಅದನ್ನು etherscan.io ಮೇಲೆ ನೋಡಬೇಕು.

ತೆರೆದ ಪುಟದಲ್ಲಿ `From`, `To`, ಮೊತ್ತ, ಸಮಯ ಈ ನಾಲ್ಕು ಬರೆದುಕೊಳ್ಳಿ. ಸಮಯ ಯುಟಿಸಿಯಲ್ಲಿದ್ದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತೆ. ರಾತ್ರಿ ಒಂದು ಗಂಟೆಗೆ ಬಂದ ಕಾಯಿನ್ ಅಲ್ಲಿ ಹಿಂದಿನ ದಿನದ ತಾರೀಖಿಗೆ ಬೀಳುತ್ತೆ. ಈ ಸಣ್ಣ ವಿಷಯಕ್ಕೇ ತಾರೀಖು ಹೊಂದುತ್ತಿಲ್ಲ ಅಂತ ಕಾಗದ ವಾಪಸ್ ಬಂದಿದ್ದು ನೋಡಿದ್ದೇನೆ.

ಆಮೇಲೆ `From` ಅಡ್ರೆಸ್ ಮೇಲೆ ಒತ್ತಿ. ಅದಕ್ಕೆ ಎಲ್ಲಿಂದ ಬಂತು, ಅದರ ಹಿಂದಿನದಕ್ಕೆ ಎಲ್ಲಿಂದ ಬಂತು ಅಂತ ಎರಡು ಮೂರು ಮೆಟ್ಟಿಲು ಹಿಂದೆ ಹೋಗಿ. ನಮ್ಮ ಪ್ರಕರಣದಲ್ಲಿ 400 ಬಂದಿದ್ದು ಒಂದು ದೊಡ್ಡ ಎಕ್ಸ್‌ಚೇಂಜಿನ ಹೆಸರಿದ್ದ ಅಡ್ರೆಸ್‌ನಿಂದ. ಅಲ್ಲಿಗೆ ಜಾಡು ನಿಂತಿತು. ಎಕ್ಸ್‌ಚೇಂಜಿನ ಒಳಗೆ ಎಲ್ಲರ ಕಾಯಿನ್ ಒಂದೇ ಕಣಜದಲ್ಲಿ ಇರುವುದರಿಂದ ಅದರಾಚೆ ಹೊರಗಿನವರಿಗೆ ಏನೂ ಕಾಣಲ್ಲ. 240 ಮಾತ್ರ ಹೆಸರಿಲ್ಲದ ಅಡ್ರೆಸ್‌ನಿಂದ ಬಂದಿತ್ತು. ಆ ಅಡ್ರೆಸ್ ಹುಟ್ಟಿ ಮೂರೇ ದಿನ ಆಗಿತ್ತು. ಅದಕ್ಕೆ ಒಂದೇ ಏಟಿಗೆ 5,000 ಬಂದು, ಅದೇ ದಿನ ಹದಿನೈದಿಪ್ಪತ್ತು ಚೂರಾಗಿ ಹೊರಗೆ ಹೋಗಿತ್ತು. ಆ 5,000 ಕಳಿಸಿದ ಅಡ್ರೆಸ್ ಮೇಲೆ ವಂಚನೆಯ ಕೆಂಪು ಗುರುತು.

ದೊಡ್ಡ ಮೊತ್ತ ಬಂದು, ನಿಲ್ಲದೆ ಚೂರಾಗಿ ಹರಿದು ಹೋಗುವ ಈ ಚಹರೆ ನೆನಪಿರಲಿ. ಅದು ಕಂಡರೆ ಎಕ್ಸ್‌ಚೇಂಜ್ ಯಾಕೆ ತಡೆದಿದೆ ಅನ್ನುವುದಕ್ಕೆ ಉತ್ತರ ಹೆಚ್ಚುಕಡಿಮೆ ಸಿಕ್ಕಂತೆ.

ಕೆಂಪು ಗುರುತು ಕಾಣದಿದ್ದರೆ? ಅಷ್ಟಕ್ಕೇ ಕಾಯಿನ್ ಸ್ವಚ್ಛ ಅನ್ನಲು ಬರಲ್ಲ. ಎಕ್ಸ್‌ಚೇಂಜುಗಳು ಚೈನಾಲಿಸಿಸ್, ಎಲಿಪ್ಟಿಕ್, ಟಿಆರ್‌ಎಂ ಲ್ಯಾಬ್ಸ್‌ನಂಥ ಕಂಪನಿಗಳ ಸಾಫ್ಟ್‌ವೇರ್ ಬಳಸುತ್ತವೆ. ಅವರ ಪಟ್ಟಿ ನಮಗೆ ಕಾಣುವುದಕ್ಕಿಂತ ಬಹಳ ದೊಡ್ಡದು. ನಿಮಗೆ ಕಾಯಿನ್ ಬಂದ ದಿನ ಯಾವ ಗುರುತೂ ಇಲ್ಲದ ಅಡ್ರೆಸ್‌ಗೆ ಎರಡು ತಿಂಗಳ ನಂತರ ಗುರುತು ಬೀಳಬಹುದು. ಆಗ ಹಳೆ ಡಿಪಾಸಿಟ್‌ಗೆ ಇವತ್ತು ಫ್ರೀಜ್ ಆಗುತ್ತೆ. "ಆವತ್ತು ಯಾಕೆ ತಗೊಂಡ್ರಿ" ಅಂತ ಜಗಳ ಆಡಿ ಲಾಭ ಇಲ್ಲ.

ಸಪೋರ್ಟಿನವರು ಕಾರಣ ಯಾಕೆ ಬಿಡಿಸಿ ಹೇಳಲ್ಲ ಅಂತ ಸಿಟ್ಟು ಬರುತ್ತೆ, ಅಲ್ವಾ? ಎಫ್‌ಐಯುಗೆ ವರದಿ ಹೋಗಿದೆಯೋ ಇಲ್ಲವೋ ಅನ್ನುವುದನ್ನು ಗ್ರಾಹಕರಿಗೆ ತಿಳಿಸುವಂತಿಲ್ಲ ಅಂತ ಕಾನೂನೇ ಹೇಳುತ್ತೆ. ಚಾಟ್‌ನಲ್ಲಿ ಕೂತ ಹುಡುಗನಿಗೆ ಎಷ್ಟು ಬೈದರೂ ಅವನ ಬಾಯಿಂದ ಅದು ಬರಲ್ಲ.

ಈ ಹಂತದಲ್ಲಿ ಕೆಲವು ಕೆಲಸ ಮಾಡಲೇಬಾರದು. ಅದೇ ಕಡೆಯಿಂದ ಇನ್ನೊಂದು ರೂಪಾಯಿಯೂ ತರಿಸಿಕೊಳ್ಳಬೇಡಿ. ಮನೆಯವರ ಹೆಸರಲ್ಲಿ ಹೊಸ ಅಕೌಂಟ್ ತೆಗೆದು ಉಳಿದ ಕಾಯಿನ್ ಅಲ್ಲಿ ಹಾಕಬೇಡಿ. ಗಿರಾಕಿಯ ಜೊತೆಗಿನ ವಾಟ್ಸಾಪ್ ಅಳಿಸಬೇಡಿ. "ಕಾಯಿನ್ ವಾಪಸ್ ಕಳಿಸಿಬಿಡಿ" ಅಂತಲೂ ಅವಸರ ಮಾಡಬೇಡಿ. ಅನುಮಾನದ ಹಣ ವಾಪಸ್ ಹೋದರೆ ಕಳ್ಳನ ಕೈಗೇ ಹೋದಂತೆ, ಅದನ್ನು ಅವರು ಹಾಗೆ ಬಿಡಲ್ಲ.

ಕಾಗದಗಳು: ಈ ಕಾಯಿನ್ ಎಲ್ಲಿಂದ, ಆ ರೊಕ್ಕ ಎಲ್ಲಿಂದ

ಮೇಲ್‌ನಲ್ಲಿ ಎರಡು ಪ್ರಶ್ನೆ ಬೆರೆತಿರುತ್ತವೆ. ಒಂದು, ಈ ನಿರ್ದಿಷ್ಟ ಡಿಪಾಸಿಟ್ ಎಲ್ಲಿಂದ ಬಂತು. ಎರಡು, ನಿಮ್ಮ ಬಳಿ ಇಷ್ಟು ಹಣ ಹೇಗೆ ಆಯಿತು. ಮೊದಲನೆಯದಕ್ಕೆ ಸಂಬಳದ ಚೀಟಿ ಕಳಿಸಿದರೆ ಉತ್ತರ ಆಗಲ್ಲ. ಎರಡನೆಯದಕ್ಕೆ `TxID` ಕಳಿಸಿದರೂ ಆಗಲ್ಲ.

ಮೊದಲ ಪ್ರಶ್ನೆಗೆ ನಾವು ಕಟ್ಟಿದ ಸರಪಳಿ ಹೀಗಿತ್ತು: ಕೆಲಸಕ್ಕೆ ಒಪ್ಪಿದ ಇಮೇಲ್, 640ರ ಇನ್ವಾಯ್ಸ್, ತನ್ನ ಡಿಪಾಸಿಟ್ ಅಡ್ರೆಸ್ ಕೊಟ್ಟ ವಾಟ್ಸಾಪ್ ಸಂದೇಶ, "ಕಳಿಸಿದ್ದೇನೆ" ಅಂತ ಗಿರಾಕಿ ಹೇಳಿದ ಸಂದೇಶ, ಎರಡೂ `TxID`, ಕೊನೆಗೆ ಮಾಡಿಕೊಟ್ಟ ಸೈಟಿನ ಕೊಂಡಿ. ಪ್ರತಿ ಕಾಗದದಲ್ಲೂ ಮೊತ್ತ ಮತ್ತು ತಾರೀಖು ಮುಂದಿನ ಕಾಗದಕ್ಕೆ ಕೂಡಬೇಕು. 640 ಅಂತ ಇನ್ವಾಯ್ಸ್ ಇದ್ದು 400, 240 ಬಂದಿದ್ದರೆ, ಎರಡು ಕಂತಿಗೆ ಒಪ್ಪಿದ ಸಂದೇಶವೂ ಬೇಕು.

ಎಲ್ಲರೂ ಮರೆಯುವ ಕಾಗದ ಗಿರಾಕಿಯ ಕಡೆಯದು. 400ಕ್ಕೆ ಅವರ ಎಕ್ಸ್‌ಚೇಂಜಿನ ವಿತ್‌ಡ್ರಾ ರಸೀದಿ ಕೇಳಿದೆವು, ಕೊಟ್ಟರು. ಅದರಲ್ಲಿ ಹೆಸರು ಮತ್ತು `TxID` ಎರಡೂ ಇತ್ತು. 240ರ ಬಗ್ಗೆ ಕೇಳಿದಾಗ ನಿಜ ಹೊರಬಂತು. ಅವರ ಹತ್ತಿರ ಆ ದಿನ ಕಾಯಿನ್ ಇರಲಿಲ್ಲವಂತೆ. ಪರಿಚಯದ ಒಬ್ಬರಿಗೆ ನಗದು ಕೊಟ್ಟು, ಆ ಕಡೆಯಿಂದಲೇ ನೇರ ನಮ್ಮ ಹುಡುಗನ ಅಡ್ರೆಸ್‌ಗೆ ಹಾಕಿಸಿದ್ದರು. ರಸೀದಿ ಇಲ್ಲ. ಅದನ್ನು ಹಾಗೇ ಬರೆಸಿ, ಸಹಿ ಹಾಕಿಸಿ ತರಿಸಿಕೊಂಡೆವು. ರಸೀದಿ ಇಲ್ಲದ್ದಕ್ಕೆ ರಸೀದಿ ಹುಟ್ಟಿಸಲಿಲ್ಲ. ಸುಳ್ಳು ಕಾಗದ ಒಂದು ಸೇರಿದರೆ ಪ್ರಶ್ನೆಯ ಅಕೌಂಟ್ ಅಪರಾಧದ ಅಕೌಂಟ್ ಆಗುತ್ತೆ.

ಎರಡನೇ ಪ್ರಶ್ನೆ ಬಂದಿದ್ದು ಬೇರೆ ಕಾರಣಕ್ಕೆ. ಅದೇ ಅಕೌಂಟ್‌ನಲ್ಲಿ ಹಿಂದೆ 90,000 ರೂಪಾಯಿಗೆ ಕೊಂಡ ಬಿಟ್‌ಕಾಯಿನ್ ಇತ್ತು. ಆ ದುಡ್ಡು ಕಾಕಾ ಕೊಟ್ಟಿದ್ದು. ತಿಕೋಟಾ ಕಡೆ ಅವರದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡಿ ಮಾರುತ್ತಾರೆ. ಹುಡುಗ ಮೊದಲು ಕಳಿಸಿದ್ದು ಬರೀ ಹೊಲದ ಉತಾರ. "ಎಂಟ್ ಎಕರೆ ಐತಿ ಅಂತ ಉತಾರದಾಗ ಐತೆಲ್ಲಾ, ಮತ್ತೇನ ಬೇಕ ಇವರಿಗೆ?" ಅಂತ ಅವನ ಪ್ರಶ್ನೆ. ಉತಾರ ಹೊಲ ಯಾರದು ಅಂತ ಹೇಳುತ್ತೆ, ಬೆಳೆ ಕಾಲಮ್ಮಿನಲ್ಲಿ ಏನು ಬೆಳೆದಿದೆ ಅಂತ ಹೇಳುತ್ತೆ. ರೊಕ್ಕ ಎಷ್ಟು ಬಂತು ಅಂತ ಹೇಳಲ್ಲ.

ಬೇಕಾಗಿದ್ದು ಉತಾರದ ಜೊತೆ ದಲ್ಲಾಳಿ ಅಂಗಡಿಯ ಪಟ್ಟಿ: ಎಷ್ಟು ಕಿಲೋ, ಯಾವ ದರ, ಹಮಾಲಿ, ತೂಕದ ಖರ್ಚು ಕಳೆದು ಕೈಗೆ ಎಷ್ಟು. ಆ ಮೊತ್ತ ಕಾಕಾನ ಪಾಸ್‌ಬುಕ್ಕಿನಲ್ಲಿ ಜಮಾ ಆದ ಸಾಲು. ಅಲ್ಲಿಂದ ಮಗನ ಖಾತೆಗೆ 90,000 ಹೋದ ಸಾಲು. ಮಗನ ಖಾತೆಯಿಂದ ಎಕ್ಸ್‌ಚೇಂಜಿಗೆ ಹೋದ ಸಾಲು. ಮಗನಿಗೆ ಕೊಟ್ಟಿದ್ದೇನೆ ಅಂತ ಕಾಕಾ ಸಹಿ ಮಾಡಿದ ಒಂದು ಪತ್ರ, ಅವರ ಪ್ಯಾನ್ ಪ್ರತಿ. ಇಷ್ಟೂ ಕಾಗದ, ಒಂದೇ ದಾರ. ಕಬ್ಬಿನವರಾದರೆ ಪಟ್ಟಿಯ ಜಾಗದಲ್ಲಿ ಕಾರ್ಖಾನೆಯ ಬಿಲ್. ನೌಕರಿಯವರಿಗೆ ಫಾರ್ಮ್ 16 ಮತ್ತು ಸಂಬಳ ಜಮಾ ಆದ ಸ್ಟೇಟ್‌ಮೆಂಟ್. ನಿವೇಶನ ಮಾರಿದ ದುಡ್ಡಾದರೆ ಖರೀದಿ ಪತ್ರ.

ನಗದು ತೆಗೆದುಕೊಂಡು ಮಾರಿದವರಿಗೆ ಇಲ್ಲಿ ನಿಜಕ್ಕೂ ಕಷ್ಟ. ಪಟ್ಟಿ ಇದ್ದು, ಹತ್ತಿರದ ತಾರೀಖಿನಲ್ಲೇ ನಗದು ಜಮಾ ಆಗಿದ್ದರೆ ಒಪ್ಪುವ ಸಾಧ್ಯತೆ ಇದೆ. ಪಟ್ಟಿಯೂ ಇಲ್ಲ ಅಂದರೆ ಅಂಗಡಿಗೆ ಹೋಗಿ ಅವರ ಪುಸ್ತಕದಿಂದ ಇನ್ನೊಂದು ಪ್ರತಿ ಬರೆಸಿಕೊಂಡು ಬನ್ನಿ.

ಇವುಗಳ ಜೊತೆ ರಿಟರ್ನ್ ಕೇಳುತ್ತಾರೆ. ಕ್ರಿಪ್ಟೋ ಲಾಭಕ್ಕೆ 2022ರ ಏಪ್ರಿಲ್‌ನಿಂದ 30% ತೆರಿಗೆ ಇದೆ. ಮಾರಾಟದ ಮೇಲೆ 1% ಟಿಡಿಎಸ್ ಆ ವರ್ಷದ ಜುಲೈನಿಂದ ಇದೆ. ಟಿಡಿಎಸ್ ಕಡಿತ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕಾಣುತ್ತೆ. ಅಲ್ಲಿ ಮಾರಾಟ ಕಂಡು, ರಿಟರ್ನ್‌ನಲ್ಲಿ ಕ್ರಿಪ್ಟೋದ ಹೆಸರೇ ಇಲ್ಲ ಅಂದರೆ, ಉಳಿದ ಕಾಗದ ಎಷ್ಟೇ ಚಂದ ಇದ್ದರೂ ಅನುಮಾನ ಉಳಿಯುತ್ತೆ. ಕೂಲಿಯಾಗಿ ಬಂದ ಕಾಯಿನ್ ಆದಾಯವೂ ಹೌದು. ಬಿಟ್ಟಿದ್ದರೆ ಸಿಎ ಹತ್ತಿರ ಕೂತು ಮೊದಲು ಅದನ್ನು ಸರಿ ಮಾಡಿ. ಗಿರಾಕಿ ವಿದೇಶದವರಾದರೆ ವಿದೇಶಿ ವಿನಿಮಯದ ನಿಯಮವನ್ನೂ ಅವರ ಹತ್ತಿರವೇ ಕೇಳಿ.

ಲಕ್ಷಣ: ಕಾಗದ ಕೊಟ್ಟಮೇಲೂ ಅದೇ ಪ್ರಶ್ನೆ ಮತ್ತೆ ಬರುತ್ತೆ

ನಮ್ಮದು ಮೊದಲ ಸಲ ಹೀಗೇ ವಾಪಸ್ ಬಂತು. ಹುಡುಗ ಫೋನ್ ಸ್ಕ್ರೀನ್‌ಶಾಟ್‌ಗಳನ್ನು ಕತ್ತರಿಸಿ, ಹದಿನಾಲ್ಕು ಚಿತ್ರ ಬಿಡಿಬಿಡಿಯಾಗಿ ಕಳಿಸಿದ್ದ. ಬ್ಯಾಂಕ್ ಸ್ಟೇಟ್‌ಮೆಂಟ್ ಅಂದರೆ ಬ್ಯಾಂಕಿನಿಂದ ಇಳಿಸಿಕೊಂಡ ಪೂರ್ತಿ ಪಿಡಿಎಫ್. ಹೆಸರು, ಖಾತೆ ನಂಬರ್, ಎಲ್ಲ ಪುಟ ಇರಬೇಕು. ನಡುವೆ ಒಂದು ಪುಟ ಇಲ್ಲದಿದ್ದರೂ ಮುಚ್ಚಿಟ್ಟಂತೆ ಕಾಣುತ್ತೆ.

ಹೆಸರಿನದು ನಮ್ಮ ಕಡೆ ದೊಡ್ಡ ತೊಡಕು. ಆಧಾರ್‌ನಲ್ಲಿ ಅಪ್ಪನ ಹೆಸರು ನಡುವೆ, ಪ್ಯಾನ್‌ನಲ್ಲಿ ಅಡ್ಡಹೆಸರು ಮುಂದೆ, ಉತಾರದಲ್ಲಿ ಅಜ್ಜನ ಕಾಲದ ಕಾಗುಣಿತ. ದಲ್ಲಾಳಿ ಪಟ್ಟಿಯಲ್ಲಿ ಬರೀ "ಮಲ್ಲಪ್ಪ, ತಿಕೋಟಾ" ಅಂತ ಗೀಚಿರುತ್ತಾರೆ. ಈ ಹೆಸರೆಲ್ಲ ಒಬ್ಬರದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದರೆ ಒಂದು ಸುತ್ತು ಉಳಿಯುತ್ತೆ. ಕನ್ನಡ ಕಾಗದದ ಜೊತೆ ಇಂಗ್ಲಿಷಿನಲ್ಲಿ ಎರಡು ಸಾಲು ಟಿಪ್ಪಣಿ ಹಾಕಿ. ಉತಾರ ಏನು, ಪಟ್ಟಿ ಏನು ಅಂತ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಕೂತವರಿಗೆ ಹೇಗೆ ಗೊತ್ತಾಗಬೇಕು?

ಎರಡನೇ ಸಲ ಎಲ್ಲ ಕಾಗದವನ್ನೂ ಒಂದೇ ಪಿಡಿಎಫ್ ಮಾಡಿ, ಪುಟಕ್ಕೆ ನಂಬರ್ ಹಾಕಿ, ಮೇಲೆ ಒಂದು ಪುಟದ ಪತ್ರ ಇಟ್ಟೆವು. ಅದರ ಸಾರ ಇಷ್ಟೇ: "400 ಕೂಲಿಯ ಮೊದಲ ಕಂತು, ಪುಟ 2ರಿಂದ 6. 240 ಎರಡನೇ ಕಂತು, ಪುಟ 7ರಿಂದ 10. ಇದನ್ನು ಗಿರಾಕಿ ಬೇರೆಯವರಿಂದ ಹಾಕಿಸಿದ್ದಾರೆ, ಅವರ ಪತ್ರ ಪುಟ 9. ಆ ಬೇರೆಯವರು ನನಗೆ ಪರಿಚಯ ಇಲ್ಲ. ಮೊದಲ ಡಿಪಾಸಿಟ್ ಫಾರ್ಮ್‌ನಲ್ಲಿ ನನ್ನ ವಾಲೆಟ್ ಅಂತ ತಪ್ಪಾಗಿ ಒತ್ತಿದ್ದೇನೆ. ಬಿಟ್‌ಕಾಯಿನ್ ಕೊಂಡ ಹಣ ತಂದೆ ಕೊಟ್ಟಿದ್ದು, ಪುಟ 11ರಿಂದ 16." ಹೊಗಳಿಕೆ ಇಲ್ಲ, ಬೇಡಿಕೊಳ್ಳುವುದೂ ಇಲ್ಲ.

ಹಳೆ ಟಿಕೆಟ್‌ಗೇ ಉತ್ತರ ಕೊಡಿ, ದಿನಕ್ಕೊಂದು ಹೊಸ ಟಿಕೆಟ್ ತೆಗೆಯಬೇಡಿ. ಉತ್ತರವೇ ಬರದಿದ್ದರೆ ಎಕ್ಸ್‌ಚೇಂಜಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಎಕ್ಸ್‌ಚೇಂಜಿನ ದೂರು ಹೋಗಲ್ಲ. ಬ್ಯಾಂಕಿನ ಮೇಲಿನ ದೂರಾದರೆ ಹೋಗುತ್ತೆ.

ಲಕ್ಷಣ: ಸ್ವಂತ ವಾಲೆಟ್‌ನಿಂದಲೇ ಯುಎಸ್‌ಡಿಟಿ ಹೊರಡಲ್ಲ

ಕಾಯಿನ್ ನಿಮ್ಮ ಫೋನಿನ ವಾಲೆಟ್‌ನಲ್ಲಿದೆ, ಕಳಿಸಿದರೆ ಪ್ರತಿ ಸಲ ಫೇಲ್. ಮೊದಲು ನೆಟ್‌ವರ್ಕ್ ಶುಲ್ಕಕ್ಕೆ ಟ್ರಾನ್ ಕಾಯಿನ್ (ಟಿಆರ್‌ಎಕ್ಸ್) ಇದೆಯಾ ನೋಡಿ. ಹೆಚ್ಚಿನ ಸಲ ಕಾರಣ ಇದೇ. ಶುಲ್ಕ ಇದ್ದೂ ಹೋಗದಿದ್ದರೆ ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಯೇ ಆ ಅಡ್ರೆಸ್ ತಡೆದಿರಬಹುದು. ಯುಎಸ್‌ಡಿಟಿಯನ್ನು ನಡೆಸುವ ಪ್ರೋಗ್ರಾಂ, ಅಂದರೆ ಕಾಂಟ್ರಾಕ್ಟ್‌ನಲ್ಲೇ ಆ ಅಧಿಕಾರ ಇದೆ. ಟ್ರಾನ್‌ಸ್ಕ್ಯಾನ್‌ನಲ್ಲಿ ಕೆಳಗಿನ ಮೊದಲ ಸಾಲಿನ ಕಾಂಟ್ರಾಕ್ಟ್ ತೆರೆದು, ಓದುವ ಭಾಗದಲ್ಲಿ ಎರಡನೇ ಸಾಲು ಹುಡುಕಿ, ನಿಮ್ಮ ಅಡ್ರೆಸ್ ಹಾಕಿ:

```
TR7NHqjeKQxGTCi8q8ZY4pL8otSzgjLj6t
isBlackListed
```

`true` ಬಂದರೆ ಯಾವ ಎಕ್ಸ್‌ಚೇಂಜಿನ ಟಿಕೆಟ್ ಹಾಕಿದರೂ ಉಪಯೋಗ ಇಲ್ಲ. ಅಲ್ಲಿಗೆ ನಿಲ್ಲಿಸಿ, ವಕೀಲರನ್ನು ಕಾಣಿ. ನೋಡಲು ವಾಲೆಟ್ ಜೋಡಿಸುವ ಅಗತ್ಯ ಇಲ್ಲ. ಜೋಡಿಸಿ ಅಂತ ಕೇಳುವ ಪುಟ ಬಂದರೆ ಮುಚ್ಚಿಬಿಡಿ.

ಲಕ್ಷಣ: ಬ್ಯಾಂಕ್ ಖಾತೆಯೂ ನಿಂತಿದೆ, ಅಥವಾ ಮೇಲ್‌ನಲ್ಲಿ ಪೊಲೀಸ್ ಅಂತ ಇದೆ

ಇಲ್ಲಿಗೆ ಮನೆಯಲ್ಲೇ ಕೂತು ಮಾಡುವ ರಿಪೇರಿ ನಿಲ್ಲಿಸಿ. ಸಾಮಾನ್ಯವಾಗಿ ಎಲ್ಲೋ ಮೋಸ ಹೋದವರೊಬ್ಬರು 1930ಕ್ಕೆ ಫೋನ್ ಮಾಡಿ ಅಥವಾ cybercrime.gov.in ಮೇಲೆ ದೂರು ಕೊಟ್ಟಿದ್ದಾರೆ, ಆ ಹಣದ ಜಾಡು ನಿಮ್ಮವರೆಗೆ ಬಂದಿದೆ. ಬ್ಯಾಂಕಿನ ಶಾಖೆಗೆ ಹೋಗಿ ಮೂರು ವಿಷಯ ಬರೆಸಿಕೊಳ್ಳಿ: ದೂರಿನ ನಂಬರ್, ಯಾವ ಊರಿನ ಯಾವ ಠಾಣೆ, ಎಷ್ಟು ರೂಪಾಯಿಗೆ ತಡೆ. ಎಷ್ಟೋ ಸಲ ತಡೆ ಇರುವುದು ಸಣ್ಣ ಮೊತ್ತಕ್ಕೆ, ನಿಂತಿರುವುದು ಪೂರ್ತಿ ಖಾತೆ. ಆ ಮೊತ್ತ ಮಾತ್ರ ತಡೆದು ಉಳಿದದ್ದು ಬಿಡಿ ಅಂತ ಲಿಖಿತವಾಗಿ ಕೇಳಬಹುದು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರ ನೋಟಿಸ್ ಬಂದರೆ ದಾಖಲೆ ಕೇಳಿದ್ದಾರೆ ಅಂತ ಅರ್ಥ, 106 ಅಂದರೆ ಜಪ್ತಿ, 35(3) ಅಂದರೆ ಖುದ್ದು ಹಾಜರಾಗಿ ಅಂತ. ಯಾವುದೇ ಬರಲಿ, ವಕೀಲರಿಗೆ ತೋರಿಸದೆ ಉತ್ತರ ಕೊಡಬೇಡಿ. ಸುಮ್ಮನೆ ಕೂರಲೂಬೇಡಿ. ನೋಟಿಸ್ ನಿಜವೋ ಅಂತ ಅನುಮಾನ ಇದ್ದರೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ಕೇಳಬಹುದು. ವಿಡಿಯೊ ಕಾಲ್‌ನಲ್ಲಿ "ಅರೆಸ್ಟ್" ಮಾಡುವ ಪೊಲೀಸರು ಯಾರೂ ಇಲ್ಲ.

ಲಕ್ಷಣ: "ಅನ್‌ಫ್ರೀಜ್ ಮಾಡಿಕೊಡ್ತೀವಿ" ಅಂತ ಮೆಸೇಜ್

ನಮ್ಮ ಹುಡುಗ ಟೆಲಿಗ್ರಾಂ ಗುಂಪಿನಲ್ಲಿ ಗೋಳು ತೋಡಿಕೊಂಡ ಅರ್ಧ ಗಂಟೆಗೆ ಎಕ್ಸ್‌ಚೇಂಜಿನ ಲೋಗೊ ಹಾಕಿಕೊಂಡ ಒಬ್ಬ ಬಂದ. 100 ಯುಎಸ್‌ಡಿಟಿ "ವೆರಿಫಿಕೇಶನ್ ಡಿಪಾಸಿಟ್" ಹಾಕಿದರೆ ಸಂಜೆಗೆ ಬಿಡುಗಡೆ ಅಂದ. ದುಡ್ಡು ಕಟ್ಟಿದರೆ ಬಿಡುವ ಫ್ರೀಜ್ ಯಾವುದೂ ಇಲ್ಲ. ವಾಲೆಟ್ ಮರಳಿ ತೆರೆಯುವ ಗುಟ್ಟಿನ 12 ಪದ ಕೇಳುವವನೂ ಇದೇ ಜಾತಿಯವನು.

ಎರಡನೇ ಸಲ ಕಾಗದ ಕೊಟ್ಟು 17ನೇ ದಿನಕ್ಕೆ ಮೇಲ್ ಬಂತು. ಬಿಟ್‌ಕಾಯಿನ್ ಮತ್ತು 400 ಬಿಟ್ಟರು. 240, ಆಗಿನ ದರಕ್ಕೆ ಸುಮಾರು 21 ಸಾವಿರ ರೂಪಾಯಿ, ಇನ್ನೂ ತಡೆಯಲ್ಲೇ ಇದೆ. ಸೈಟಿನ ಎರಡನೇ ಹಂತದ ಕೆಲಸ ಈಗ ನಡೆದಿದೆ. ಇನ್ವಾಯ್ಸ್‌ನ ಕೆಳಗೆ ಹುಡುಗ ಒಂದು ಸಾಲು ಸೇರಿಸಿದ್ದಾನೆ: ಹಣ ಬ್ಯಾಂಕ್ ಮೂಲಕ, ಗಿರಾಕಿಯ ಸ್ವಂತ ಖಾತೆಯಿಂದ ಮಾತ್ರ.